ತಿಂಗಳೆಂದರೆ ಎಷ್ಟು ದಿನ? ವ್ಯವಹಾರಗಣಿತದಲ್ಲಿ ಕಾಲಗಣನೆಯ ಇತಿಹಾಸ

೧

ಸಾಲಪತ್ರದಲ್ಲಾಗಲಿ, ಬಾಡಿಗೆಯ ಕರಾರಿನಲ್ಲಾಗಲಿ, ಮನೆ ಬಿಡಿಸುವ ನೋಟೀಸಿನಲ್ಲಾಗಲಿ 'ತಿಂಗಳು' ಎಂಬ ಮಾತು ಬರದಿರುವುದು ಅಪರೂಪ. ಬರೆಯುವವನಿಗೂ ಓದುವವನಿಗೂ ಅದರ ಅರ್ಥದಲ್ಲಿ ಸಂದೇಹವೇ ತೋರುವುದಿಲ್ಲ. ವಿವಾದ ಹುಟ್ಟಿದಾಗ ಮಾತ್ರ ಆ ಒಂದು ಮಾತಿನೊಳಗೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತೂವರೆ, ಮೂವತ್ತು, ಮೂವತ್ತೊಂದು ಎಂಬ ನಾಲ್ಕಾರು ಅಳತೆಗಳು ಅಡಗಿರುವುದು ಬೆಳಕಿಗೆ ಬರುತ್ತದೆ. ದಿನವು ಪ್ರಕೃತಿಯೇ ಕೊಟ್ಟ ಅಳತೆ. ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಅದು ಮುಗಿಯುತ್ತದೆ. ವ್ಯವಹಾರದ ತಿಂಗಳಾದರೋ ಜನರ ಒಪ್ಪಂದದಿಂದ ಬಂದುದು. ಆ ಒಪ್ಪಂದವು ನಮ್ಮ ದೇಶದಲ್ಲಿ ಹೇಗೆ ಬದಲಾಯಿತು, ಬದಲಾದಾಗ ಲೆಕ್ಕ ಎಲ್ಲಿ ತಪ್ಪಿತು, ತಪ್ಪನ್ನು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಮೈಮರೆತವರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆ ಮರಳಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಾಸಗಳ ಭೇದವನ್ನು ಸ್ಪಷ್ಟವಾಗಿ ಹೇಳಿದೆ. ಕೆಲಸದ ಲೆಕ್ಕಕ್ಕೆ ಮೂವತ್ತು ಅಹೋರಾತ್ರಗಳ ಮಾಸ. ಅದಕ್ಕೆ ಅರ್ಧ ದಿನ ಕೂಡಿದರೆ ಸೌರಮಾಸ. ಅರ್ಧ ದಿನ ಕಳೆದರೆ ಚಾಂದ್ರಮಾಸ. ಅದೇ ಗ್ರಂಥದ ಇನ್ನೊಂದು ಕಡೆ, ಅಧಿಕಾರಿಗಳ ಲೆಕ್ಕಪತ್ರಗಳ ಸಂದರ್ಭದಲ್ಲಿ, ೩೫೪ ಅಹೋರಾತ್ರಗಳ ಕರ್ಮಸಂವತ್ಸರವು ಆಷಾಢ ಪೌರ್ಣಮಿಗೆ ಮುಗಿಯುವುದೆಂದೂ ಅಧಿಕಮಾಸವನ್ನು ಪ್ರತ್ಯೇಕವಾಗಿ ಎಣಿಸಬೇಕೆಂದೂ ವಿಧಿಸಿದೆ. ಮೂವತ್ತರ ಹನ್ನೆರಡು ಮಡಿ ೩೬೦. ಹನ್ನೆರಡು ಚಾಂದ್ರಮಾಸಗಳ ಮೊತ್ತ ೩೫೪. ಇವೆರಡೂ ಒಂದೇ ಅಲ್ಲವೆಂಬ ಅರಿವು ಅಲ್ಲಿ ಇದ್ದುದರಿಂದಲೇ ಎರಡನ್ನೂ ಬೇರೆಬೇರೆಯಾಗಿ ಹೆಸರಿಸಲಾಗಿದೆ.

ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು ಬಡ್ಡಿಯ ಲೆಕ್ಕಗಳಿಗೆ ವಿಶೇಷ ಸ್ಥಾನವನ್ನು ಕೊಟ್ಟಿದ್ದಾನೆ. ಅಲ್ಲಿ ಬಡ್ಡಿಯ ದರ ನೂರಕ್ಕೆ ತಿಂಗಳಿಗೆ ಇಷ್ಟೆಂದು ಇರುತ್ತದೆ. ತಿಂಗಳು ಮೂವತ್ತು ದಿನಗಳದು. ಇದರಿಂದ ಗಣಿತ ಬಹಳ ಹಗುರವಾಗುತ್ತದೆ. ನೂರಕ್ಕೆ ತಿಂಗಳಿಗೆ ಒಂದರಂತೆ ನಾಲ್ಕು ತಿಂಗಳಿಗೆ ನಾಲ್ಕು. ಹತ್ತು ದಿನಕ್ಕೆ ಮೂರನೆಯ ಒಂದು. ತಿಂಗಳ ಕೊನೆ ಎಂದು, ವರ್ಷಕ್ಕೆ ದಿನಗಳೆಷ್ಟು ಎಂಬ ಪ್ರಶ್ನೆಗಳೇ ಅಲ್ಲಿ ಏಳುವುದಿಲ್ಲ. ಈ ಮಾಸವು ಆಕಾಶದ ಯಾವ ಚಲನೆಗೂ ಹೊಂದುವಂತಹುದಲ್ಲ. ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದುದು. ಆದರೂ ಅದು ಅಳಿದುಹೋಗಿಲ್ಲ. ಭಾರತ ಸರಕಾರದ ಸಾಲಪತ್ರಗಳು ಕೈಬದಲಾಗುವಾಗ ಅದುವರೆಗಿನ ಬಡ್ಡಿಯನ್ನು ಎಣಿಸುವ ಮುಂಬಯಿ ಪೇಟೆಯ ಪದ್ಧತಿಯಲ್ಲಿ ಇಂದಿಗೂ ತಿಂಗಳಿಗೆ ೩೦ ದಿನ, ವರ್ಷಕ್ಕೆ ೩೬೦ ದಿನ.

೨

ತೊಡಕು ಹುಟ್ಟಿದ್ದು ಎರಡು ಪಂಚಾಂಗಗಳು ಒಂದೇ ಕಾಗದದ ಮೇಲೆ ಸಂಧಿಸಿದಾಗ. ನಮ್ಮ ವ್ಯಾಪಾರಿಗಳು ಸಾಲಪತ್ರಗಳಿಗೆ ಸಂವತ್ಸರ, ಮಾಸ, ತಿಥಿಗಳನ್ನು ಹಾಕುತ್ತಿದ್ದರು; ದಾವೆಯನ್ನು ಕೇಳುವ ನ್ಯಾಯಾಲಯದ ಕಾಲಗಣನೆ ಇಂಗ್ಲಿಷ್ ಪಂಚಾಂಗದ್ದಾಗಿತ್ತು. ಸಾಲದ ವಾಯಿದೆ ಮುಗಿದ ದಿನದಿಂದ ದಾವೆಯ ಅವಧಿ ಆರಂಭವಾಗುವುದರಿಂದ, ವಾಯಿದೆ ಎಂದು ಮುಗಿಯಿತೆಂಬುದನ್ನು ಖಚಿತವಾಗಿ ಹೇಳಲೇಬೇಕಾಗಿತ್ತು. ೧೯೦೮ರ ಕಾಲಮಿತಿ ಕಾಯಿದೆಯ ೨೫ನೆಯ ಕಲಮು ಎಲ್ಲ ದಸ್ತಾವೇಜುಗಳನ್ನೂ ಗ್ರೆಗೋರಿಯನ್ ಪಂಚಾಂಗಕ್ಕೆ ಅನುಸಾರವಾಗಿ ಬರೆದುವೆಂದೇ ಭಾವಿಸಬೇಕೆಂದು ವಿಧಿಸಿತು. ದೇಶೀಯ ಮಿತಿಯನ್ನು ಮಾತ್ರ ಹೊತ್ತ, ನಾಲ್ಕು ತಿಂಗಳ ವಾಯಿದೆಯ ಪ್ರಾಮಿಸರಿ ನೋಟೊಂದನ್ನು ಅದು ಉದಾಹರಣೆಯಾಗಿಯೂ ಕೊಟ್ಟಿತ್ತು. ಆ ನಾಲ್ಕು ತಿಂಗಳನ್ನು ಗ್ರೆಗೋರಿಯನ್ ರೀತಿಯಲ್ಲಿಯೇ ಎಣಿಸತಕ್ಕದ್ದು. ೧೯೬೩ರ ಕಾಯಿದೆಯ ೨೪ನೆಯ ಕಲಮಿನಲ್ಲಿಯೂ ಈ ನಿಯಮ ಉಳಿದಿದೆ.

ಈ ನಿಯಮವು ಕೇವಲ ಅನುಕೂಲಕ್ಕೆ ಮಾಡಿದುದಲ್ಲವೆಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. ಶಕ ೧೯೪೫ರಲ್ಲಿ, ಎಂದರೆ ೨೦೨೩ರಲ್ಲಿ, ಅಧಿಕ ಶ್ರಾವಣಮಾಸವಿತ್ತು. ಆ ವರ್ಷದ ಆಷಾಢ ಶುದ್ಧ ಪಾಡ್ಯ, ಜೂನ್ ೧೯ರಂದು, ನಾಲ್ಕು ತಿಂಗಳ ವಾಯಿದೆಗೆ ಒಬ್ಬನು ಸಾಲಪತ್ರವನ್ನು ಬರೆದುಕೊಟ್ಟನೆಂದು ಭಾವಿಸೋಣ. ಅಧಿಕಮಾಸವನ್ನೂ ಒಂದು ತಿಂಗಳೆಂದು ಎಣಿಸಿದರೆ ಆಷಾಢ, ಅಧಿಕ ಶ್ರಾವಣ, ನಿಜ ಶ್ರಾವಣ, ಭಾದ್ರಪದಗಳು ಕಳೆದು ಆಶ್ವಯುಜ ಶುದ್ಧ ಪಾಡ್ಯಕ್ಕೆ, ಅಕ್ಟೋಬರ್ ೧೫ಕ್ಕೆ, ವಾಯಿದೆ ತುಂಬುತ್ತದೆ. ಅಧಿಕಮಾಸವನ್ನು ಬಿಟ್ಟು ಹೆಸರುಗಳನ್ನು ಮಾತ್ರ ಎಣಿಸಿದರೆ ಕಾರ್ತೀಕ ಶುದ್ಧ ಪಾಡ್ಯಕ್ಕೆ, ನವೆಂಬರ್ ೧೪ಕ್ಕೆ, ತುಂಬುತ್ತದೆ. ಗ್ರೆಗೋರಿಯನ್ ಎಣಿಕೆಯಲ್ಲಿ ಅದು ಅಕ್ಟೋಬರ್ ೧೯. ದಿನಗಳಲ್ಲಿ ಹೇಳುವುದಾದರೆ ಮೊದಲನೆಯದು ೧೧೮, ಎರಡನೆಯದು ೧೪೮, ಮೂರನೆಯದು ೧೨೨. ಸಾಲಿಗನಿಗೆ ಅಧಿಕಮಾಸವನ್ನು ಬಿಡುವುದರಲ್ಲಿ ಲಾಭ, ಸಾಹುಕಾರನಿಗೆ ಎಣಿಸುವುದರಲ್ಲಿ ಲಾಭ. ಇಬ್ಬರೂ ತಮ್ಮ ಪಂಚಾಂಗವನ್ನೇ ಸಾಕ್ಷಿಗೆ ಕರೆಯಬಲ್ಲರು. ೧೯ ವರ್ಷಗಳಲ್ಲಿ ೭ ಅಧಿಕಮಾಸಗಳು ಬರುವುದರಿಂದ ಇಂತಹ ಪ್ರಸಂಗ ವಿರಳವೂ ಅಲ್ಲ.

ಇಂಗ್ಲಿಷರ ತಿಂಗಳು ಮೊದಲಿನಿಂದಲೂ ನಿಸ್ಸಂದಿಗ್ಧವಾಗಿತ್ತೆಂದು ಭಾವಿಸಬಾರದು. ಅವರ ರೂಢಿಯ ನ್ಯಾಯದಲ್ಲಿ 'ತಿಂಗಳು' ಎಂದರೆ ಬೇರೆ ಸೂಚನೆ ಇಲ್ಲದಿದ್ದಲ್ಲಿ ೨೮ ದಿನಗಳೆಂದು ಅರ್ಥವಿತ್ತು; ವರ್ತಕರ ಹುಂಡಿಗಳಲ್ಲಿ ಮಾತ್ರ ಪಂಚಾಂಗದ ತಿಂಗಳು. ಪಾರ್ಲಿಮೆಂಟಿನ ಕಾಯಿದೆಗಳ ಮಟ್ಟಿಗೆ ಈ ಅರ್ಥವು ೧೮೫೦ರಲ್ಲಿಯೂ, ಖಾಸಗಿ ಕರಾರುಪತ್ರಗಳ ಮಟ್ಟಿಗೆ ೧೯೨೫ರಲ್ಲಿಯೂ ಬದಲಾಯಿತು. ಅದಕ್ಕೂ ಹಿಂದೆ, ೧೭೫೨ರಲ್ಲಿ, ಬ್ರಿಟಿಷರು ಜೂಲಿಯನ್ ಪಂಚಾಂಗವನ್ನು ಬಿಟ್ಟು ಗ್ರೆಗೋರಿಯನ್ ಪಂಚಾಂಗಕ್ಕೆ ಬಂದರು. ಆ ವರ್ಷ ಸೆಪ್ಟೆಂಬರ್ ೨ರ ಬುಧವಾರದ ಮರುದಿನ ಸೆಪ್ಟೆಂಬರ್ ೧೪ರ ಗುರುವಾರವಾಯಿತು. ಏಷ್ಯದಲ್ಲಿನ ಅವರ ಆಡಳಿತ ಪ್ರದೇಶಗಳಿಗೂ ಕಾಯಿದೆ ಅನ್ವಯಿಸಿದುದರಿಂದ ಮದರಾಸು, ಮುಂಬಯಿಗಳ ಕಂಪೆನಿ ಕೋಠಿಗಳಿಗೂ ಆ ಹನ್ನೊಂದು ದಿನಗಳು ಇಲ್ಲವಾದವು. ಗೇಣಿ, ವರ್ಷಾಶನ, ಸಾಲಗಳ ಗಡುವುಗಳು ಇದರಿಂದ ಮುಂಚೆಯೇ ಬಂದೊದಗಬಾರದೆಂದು ಕಾಯಿದೆಯಲ್ಲಿ ಪ್ರತ್ಯೇಕ ವಿಧಿಯನ್ನು ಇಟ್ಟಿದ್ದರು. ಹಳೆಯ ಕರಾರಿನಂತೆ ಸೆಪ್ಟೆಂಬರ್ ೨೯ಕ್ಕೆ ಸಲ್ಲಬೇಕಾಗಿದ್ದ ಗೇಣಿಯು ಅದೇ ನಿಜವಾದ ದಿನಕ್ಕೆ, ಎಂದರೆ ಹೊಸ ಎಣಿಕೆಯ ಅಕ್ಟೋಬರ್ ೧೦ಕ್ಕೆ, ಸಲ್ಲತಕ್ಕದ್ದಾಯಿತು. ಕಾಗದದ ಮೇಲಿನ ತಾರೀಖಿಗಿಂತ ಕಳೆದ ದಿನಗಳೇ ಪ್ರಮಾಣ ಎಂಬ ತತ್ತ್ವವನ್ನು ಇಲ್ಲಿ ಕಾಣಬಹುದು.

೩

ಭಾರತದಲ್ಲಿ ೧೮೯೭ರ ಜನರಲ್ ಕ್ಲಾಸಸ್ ಆಕ್ಟ್ 'ತಿಂಗಳು' ಎಂಬುದನ್ನು ಬ್ರಿಟಿಷ್ ಪಂಚಾಂಗದಂತೆ ಎಣಿಸಿದ ತಿಂಗಳೆಂದು ನಿರ್ವಚಿಸಿತು. ಆದರೆ ಬ್ರಿಟಿಷ್ ಪಂಚಾಂಗದ ತಿಂಗಳುಗಳೇ ಒಂದರಂತೆ ಒಂದಿಲ್ಲ. ತಿಂಗಳ ನಡುವೆ ಆರಂಭವಾದ ಅವಧಿ ಎಲ್ಲಿ ಮುಗಿಯುವುದು? ಇದಕ್ಕೆ ರೂಪುಗೊಂಡ ಉತ್ತರವೇ ಸಮಾನ ತಾರೀಖಿನ ನಿಯಮ. ಆರಂಭದ ದಿನವನ್ನು ಬಿಟ್ಟು ಎಣಿಸಬೇಕು. ಬೇಕಾದಷ್ಟು ತಿಂಗಳುಗಳ ಅನಂತರ ಅದೇ ಸಂಖ್ಯೆಯ ತಾರೀಖಿಗೆ ಅವಧಿ ಮುಗಿಯುತ್ತದೆ. ಆ ತಿಂಗಳಿನಲ್ಲಿ ಅಂತಹ ತಾರೀಖು ಇಲ್ಲದಿದ್ದರೆ ಅದರ ಕೊನೆಯ ದಿನಕ್ಕೆ ಮುಗಿಯುತ್ತದೆ.

೧೮೮೧ರ ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ ೨೩ನೆಯ ಕಲಮಿನ ಉದಾಹರಣೆಗಳು ಇದನ್ನು ತಿಳಿಯಲು ಒಳ್ಳೆಯ ಸಾಧನ. ೧೮೭೮ರ ಜನವರಿ ೨೯ರ ತಾರೀಖಿನ, ಒಂದು ತಿಂಗಳ ವಾಯಿದೆಯ ನೋಟು ಫೆಬ್ರವರಿ ೨೮ರ ಅನಂತರದ ಮೂರನೆಯ ದಿನ ಪಕ್ವವಾಗುತ್ತದೆಂದು ಅಲ್ಲಿದೆ. ಮೂರು ದಿನಗಳು ರಿಯಾಯಿತಿಯವು. ಹೀಗೆ ಜನವರಿ ೨೮, ೨೯, ೩೦, ೩೧ ಈ ನಾಲ್ಕು ದಿನಗಳಲ್ಲಿ ಬರೆದ ನಾಲ್ಕು ನೋಟುಗಳೂ ಮಾರ್ಚ್ ೩ರಂದೇ ಪಕ್ವವಾಗುತ್ತವೆ. ಲೀಪ್ ವರ್ಷವಾದ ೧೮೮೦ರಲ್ಲಿ ಅದೇ ಜನವರಿ ೨೯ರ ನೋಟಿಗೆ ಫೆಬ್ರವರಿ ೨೯ ಎಂಬ ಸಮಾನ ತಾರೀಖು ದೊರೆಯುವುದರಿಂದ, ಮೂರು ದಿನ ಸೇರಿ ಮತ್ತೆ ಮಾರ್ಚ್ ೩ ಬರುತ್ತದೆ. ತಾರೀಖು ಒಂದೇ, ಆದರೆ ೧೮೭೮ರಲ್ಲಿ ಕಳೆದುವು ೩೩ ದಿನ, ೧೮೮೦ರಲ್ಲಿ ೩೪ ದಿನ. ವಾಯಿದೆಯನ್ನು ತಿಂಗಳಿನಲ್ಲಿಯೂ ಬಡ್ಡಿಯನ್ನು ದಿನದಲ್ಲಿಯೂ ಎಣಿಸುವ ನೋಟಿನಲ್ಲಿ ಈ ಒಂದು ದಿನ ಹಣವಾಗಿ ಪರಿಣಮಿಸುತ್ತದೆ.

ಈ ಉದಾಹರಣೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ೧೮೭೮ರ ಮಾರ್ಚ್ ೩ ಭಾನುವಾರ. ಪಕ್ವವಾಗುವ ದಿನ ರಜೆಯಾಗಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಸಲ್ಲತಕ್ಕದ್ದೆಂದು ಅದೇ ಕಾಯಿದೆಯ ೨೫ನೆಯ ಕಲಮು ಹೇಳುತ್ತದೆ. ಆದುದರಿಂದ ಆ ನೋಟಿನ ಹಣ ಶನಿವಾರ, ಮಾರ್ಚ್ ೨ರಂದೇ ಸಲ್ಲಬೇಕಾಗುತ್ತಿತ್ತು. ನ್ಯಾಯಾಲಯ ಅಥವಾ ಕಚೇರಿಯಲ್ಲಿ ಮಾಡಬೇಕಾದ ಕಾರ್ಯಕ್ಕೆ ಇದಕ್ಕೆ ವಿರುದ್ಧವಾದ ನಿಯಮ. ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಅದು ತೆರೆದ ಮುಂದಿನ ದಿನ ಮಾಡಬಹುದೆಂದು ಜನರಲ್ ಕ್ಲಾಸಸ್ ಆಕ್ಟಿನ ೧೦ನೆಯ ಕಲಮು ಅವಕಾಶ ಕೊಡುತ್ತದೆ. ಒಂದು ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ಮುಂದಕ್ಕೆ. ಎರಡನ್ನೂ ಒಂದೆಂದು ತಿಳಿದು ಭಾನುವಾರದ ನೋಟನ್ನು ಸೋಮವಾರ ತೋರಿಸಿದವನು ತಡಮಾಡಿದವನಾಗುತ್ತಾನೆ.

ತಿಂಗಳ ಕೊನೆಯ ದಿನಕ್ಕೆ ವಿಶೇಷ ಮಹತ್ವವಿದೆಯೇ ಎಂಬ ಪ್ರಶ್ನೆ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ವರೆಗೂ ಹೋಯಿತು. ಡಾಡ್ಸ್ ವಿರುದ್ಧ ವಾಕರ್ ಎಂಬ ೧೯೮೧ರ ಮೊಕದ್ದಮೆಯಲ್ಲಿ ಜಮೀನುದಾರನು ಬಾಡಿಗೆದಾರನಿಗೆ ೧೯೭೮ರ ಸೆಪ್ಟೆಂಬರ್ ೩೦ರಂದು ನೋಟೀಸು ಕೊಟ್ಟಿದ್ದನು. ಹೊಸ ಗುತ್ತಿಗೆಗೆ ನ್ಯಾಯಾಲಯದಲ್ಲಿ ಅರ್ಜಿ ಹಾಕಲು ಬಾಡಿಗೆದಾರನಿಗಿದ್ದ ಅವಧಿ ನಾಲ್ಕು ತಿಂಗಳು. ಅವನು ೧೯೭೯ರ ಜನವರಿ ೩೧ರಂದು ಅರ್ಜಿ ಹಾಕಿದನು. ಸೆಪ್ಟೆಂಬರ್ ೩೦ ಆ ತಿಂಗಳ ಕೊನೆಯ ದಿನ. ಅದನ್ನು ಬಿಟ್ಟರೆ ಅಕ್ಟೋಬರ್ ೧ರಿಂದ ಎಣಿಕೆ. ಪೂರ್ಣ ನಾಲ್ಕು ತಿಂಗಳು ಜನವರಿ ೩೧ಕ್ಕೆ ತಾನೇ ಮುಗಿಯುವುದು ಎಂಬುದು ಅವನ ವಾದ. ಕೇಳಲು ಇದು ಯುಕ್ತವೇ ಆಗಿದೆ. ಆದರೆ ಲಾರ್ಡರು ಅದನ್ನು ಒಪ್ಪಲಿಲ್ಲ. ಸಮಾನ ತಾರೀಖು ಜನವರಿ ೩೦. ಅಂತಹ ತಾರೀಖು ಇರುವಾಗ ತಿಂಗಳ ಕೊನೆಯತ್ತ ನೋಡುವ ಅಗತ್ಯವೇ ಇಲ್ಲ. ಒಂದು ದಿನದ ತಡದಿಂದ ಬಾಡಿಗೆದಾರನು ಹಕ್ಕನ್ನು ಕಳೆದುಕೊಂಡನು.

ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಹಿಮಾಚಲ ಪ್ರದೇಶ ರಾಜ್ಯ ವಿರುದ್ಧ ಹಿಮಾಚಲ್ ಟೆಕ್ನೋ ಇಂಜಿನಿಯರ್ಸ್ ಎಂಬ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು ಅನುಸರಿಸಿ, 'ಮೂರು ತಿಂಗಳು' ಎಂಬುದನ್ನು ೯೦ ದಿನಗಳೆಂದು ಓದಲಾಗದೆಂದು ತೀರ್ಮಾನಿಸಿತು. ಪಂಚಾಯಿತಿ ತೀರ್ಪನ್ನು ಪ್ರಶ್ನಿಸಲು ಕಾನೂನು ಕೊಟ್ಟ ಅವಧಿ ಮೂರು ತಿಂಗಳು. ಕಾರಣವಿದ್ದರೆ ಮೇಲೆ ಮೂವತ್ತು ದಿನ. ೨೦೦೭ರ ನವೆಂಬರ್ ೧೨ರಿಂದ ಎಣಿಸಿದರೆ ೯೦ ದಿನಗಳು ಫೆಬ್ರವರಿ ೧೦ಕ್ಕೂ ಮೂರು ತಿಂಗಳು ಫೆಬ್ರವರಿ ೧೨ಕ್ಕೂ ತುಂಬುತ್ತವೆ. ಮೇಲಿನ ಮೂವತ್ತನ್ನು ಮಾತ್ರ ದಿನಗಳಾಗಿಯೇ ಎಣಿಸಬೇಕು. ಒಂದೇ ವಿಧಿಯೊಳಗೆ ಶಾಸನಕರ್ತರು ಒಂದೆಡೆ ತಿಂಗಳೆಂದೂ ಇನ್ನೊಂದೆಡೆ ದಿನವೆಂದೂ ಬರೆದಿರುವಾಗ ಆ ಭೇದವನ್ನು ಅಳಿಸುವ ಅಧಿಕಾರ ಲೆಕ್ಕಿಗನಿಗಿಲ್ಲ.

೪

ಗಡುವಿನಲ್ಲಿ ಒಂದು ದಿನದ ತಪ್ಪು ಹಕ್ಕನ್ನು ಕೆಡಿಸಿದರೆ, ಬಡ್ಡಿಯಲ್ಲಿ ಅದು ಮೊತ್ತವನ್ನು ಬದಲಿಸುತ್ತದೆ. ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ ೧೨ ಬಡ್ಡಿ, ೨೦೨೩ರ ನವೆಂಬರ್ ೧೫ರಂದು ಕೊಟ್ಟು ೨೦೨೪ರ ಮಾರ್ಚ್ ೧೫ರಂದು ತೀರಿಸಿದುದು ಎಂದಿಟ್ಟುಕೊಳ್ಳೋಣ. ೨೦೨೪ ಲೀಪ್ ವರ್ಷ. ಕೊಟ್ಟ ದಿನವನ್ನು ಬಿಟ್ಟು ತೀರಿಸಿದ ದಿನವನ್ನು ಸೇರಿಸಿದರೆ ನವೆಂಬರಿನಲ್ಲಿ ೧೫, ಡಿಸೆಂಬರಿನಲ್ಲಿ ೩೧, ಜನವರಿಯಲ್ಲಿ ೩೧, ಫೆಬ್ರವರಿಯಲ್ಲಿ ೨೯, ಮಾರ್ಚಿನಲ್ಲಿ ೧೫. ಒಟ್ಟು ೧೨೧ ದಿನ.

ಮಹಾವೀರನ ತಿಂಗಳಿನಂತೆ ನಾಲ್ಕು ತಿಂಗಳಿಗೆ ಬಡ್ಡಿ ೪,೦೦೦ ರೂಪಾಯಿ. ವರ್ಷಕ್ಕೆ ೩೬೫ ದಿನಗಳೆಂದು ಹಿಡಿದು ೧೨೧ ದಿನಗಳಿಗೆ ಎಣಿಸಿದರೆ ೩,೯೭೮ ರೂಪಾಯಿ ೮ ಪೈಸೆ. ೨೦೨೩ಕ್ಕೆ ಸೇರಿದ ೪೬ ದಿನಗಳನ್ನು ೩೬೫ರಿಂದಲೂ ೨೦೨೪ಕ್ಕೆ ಸೇರಿದ ೭೫ ದಿನಗಳನ್ನು ೩೬೬ರಿಂದಲೂ ಭಾಗಿಸಿದರೆ ೩,೯೭೧ ರೂಪಾಯಿ ೩೫ ಪೈಸೆ. ಈ ಮೂರರಲ್ಲಿ ಯಾವುದೂ ಸ್ವತಃ ತಪ್ಪಲ್ಲ. ಕರಾರಿನಲ್ಲಿ ಯಾವ ಪದ್ಧತಿಯನ್ನು ಬರೆದಿದೆಯೋ ಅದು ಸರಿ. ಆದರೆ ಫೆಬ್ರವರಿ ೨೯ನ್ನು ಮರೆತು ೧೨೦ ದಿನಗಳಿಗೆ ೩,೯೪೫ ರೂಪಾಯಿ ೨೧ ಪೈಸೆ ಎಂದು ಬರೆಯುವುದೂ, ಕೊಟ್ಟ ದಿನ ತೀರಿಸಿದ ದಿನ ಎರಡನ್ನೂ ಸೇರಿಸಿ ೧೨೨ ದಿನಗಳಿಗೆ ೪,೦೧೦ ರೂಪಾಯಿ ೯೬ ಪೈಸೆ ಎಂದು ಬರೆಯುವುದೂ ತಪ್ಪುಗಳೇ. ಲೆಕ್ಕವನ್ನು ಪರಿಶೀಲಿಸುವವನು ಮೊದಲು ಮಾಡಬೇಕಾದುದು ಈ ವಿವೇಚನೆ: ವ್ಯತ್ಯಾಸವು ಪದ್ಧತಿಯದೋ, ಎಣಿಕೆಯದೋ? ಇಲ್ಲಿ ಒಂದು ದಿನದ ಬಡ್ಡಿ ೩೨ ರೂಪಾಯಿ ೮೮ ಪೈಸೆ. ಎರಡು ಲೆಕ್ಕಗಳ ಅಂತರ ಸರಿಯಾಗಿ ಅಷ್ಟೇ ಇದ್ದರೆ, ದೋಷ ದಿನಗಳ ಎಣಿಕೆಯಲ್ಲಿದೆಯೆಂದು ತಿಳಿಯಬೇಕು. ೬ ರೂಪಾಯಿ ೭೩ ಪೈಸೆಯಂತಹ ಅಂತರವಿದ್ದರೆ ಭಾಜಕದಲ್ಲಿ ಭೇದವಿದೆ.

ಬ್ಯಾಂಕುಗಳ ಉಳಿತಾಯ ಖಾತೆಗಳಲ್ಲಿಯೂ ತಿಂಗಳಿನ ಎಣಿಕೆ ಬಹುಕಾಲ ನಡೆಯಿತು. ಪ್ರತಿ ತಿಂಗಳು ೧೦ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಶಿಲ್ಕಿಗೆ ಒಂದು ತಿಂಗಳ ಬಡ್ಡಿ ಸಿಗುತ್ತಿತ್ತು. ೩೧ರಂದು ಒಂದು ದಿನ ಹಣ ತೆಗೆದರೂ ಆ ಹಣಕ್ಕೆ ಇಡೀ ತಿಂಗಳ ಬಡ್ಡಿ ಹೋಗುತ್ತಿತ್ತು. ರಿಸರ್ವ್ ಬ್ಯಾಂಕಿನ ಆದೇಶದಂತೆ ೨೦೧೦ರ ಏಪ್ರಿಲ್ ೧ರಿಂದ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಎಣಿಸುವ ಪದ್ಧತಿ ಬಂದಿತು. ತಿಂಗಳ ಕೊನೆಗೆ ಇದ್ದ ಆ ನಿರ್ಣಾಯಕ ಸ್ಥಾನ ಅಂದಿಗೆ ಹೋಯಿತು.

೫

ಎಣಿಕೆಯನ್ನು ಪರೀಕ್ಷಿಸಲು ಮೊದಲಿನ ದಾರಿಯಲ್ಲಿಯೇ ಮತ್ತೊಮ್ಮೆ ನಡೆದರೆ ಪ್ರಯೋಜನವಿಲ್ಲ. ಮೊದಲು ಎಡವಿದ ಕಡೆಯೇ ಮತ್ತೆ ಎಡವುವ ಸಂಭವ ಹೆಚ್ಚು. ಬೇರೆ ದಾರಿಯಿಂದ ಅದೇ ಸ್ಥಳವನ್ನು ತಲಪಬೇಕು. ವರ್ಷದ ದಿನಸಂಖ್ಯೆ ಅಂತಹ ಒಂದು ದಾರಿ. ನವೆಂಬರ್ ೧೫ ಸಾಧಾರಣ ವರ್ಷದ ೩೧೯ನೆಯ ದಿನ. ೩೬೫ರಲ್ಲಿ ಕಳೆದರೆ ೪೬. ಮಾರ್ಚ್ ೧೫ ಲೀಪ್ ವರ್ಷದ ೭೫ನೆಯ ದಿನ. ಎರಡನ್ನೂ ಕೂಡಿದರೆ ೧೨೧.

ಇನ್ನೊಂದು ದಾರಿ ವಾರದ್ದು. ತಿಂಗಳು, ವರ್ಷಗಳು ಹೇಗೆ ಬದಲಾದರೂ ವಾರಗಳ ಸರಣಿ ಕಡಿಯುವುದಿಲ್ಲ. ೨೦೨೩ರ ನವೆಂಬರ್ ೧೫ ಬುಧವಾರ, ೨೦೨೪ರ ಮಾರ್ಚ್ ೧೫ ಶುಕ್ರವಾರ. ಮುಂದುವರಿದುದು ಎರಡು ವಾರಗಳಷ್ಟಲ್ಲ, ವಾರದ ಎರಡು ದಿನಗಳಷ್ಟು. ೧೨೧ನ್ನು ೭ರಿಂದ ಭಾಗಿಸಿದರೆ ಶೇಷವೂ ೨. ಲೆಕ್ಕ ಹೊಂದಿತು. ೧೨೦ ಎಂದಿದ್ದರೆ ಶೇಷ ೧, ೧೨೨ ಎಂದಿದ್ದರೆ ೩. ಆಗಲೇ ತಪ್ಪು ಹೊರಬೀಳುತ್ತಿತ್ತು. ೧೭೫೨ರ ಲೋಪವನ್ನು ಸಹ ಈ ಪರೀಕ್ಷೆ ಹಿಡಿಯುತ್ತದೆ. ಆ ವರ್ಷದ ಆಗಸ್ಟ್ ೧ರಿಂದ ಅಕ್ಟೋಬರ್ ೧ರವರೆಗೆ ತಾರೀಖುಗಳಂತೆ ೬೧ ದಿನ, ಶೇಷ ೫. ಆದರೆ ಆಗಸ್ಟ್ ೧ ಶನಿವಾರ, ಅಕ್ಟೋಬರ್ ೧ ಭಾನುವಾರ. ಶೇಷ ೧ ಇರಬೇಕು. ನಿಜವಾಗಿ ಕಳೆದ ೫೦ ದಿನಗಳಿಗೆ ಶೇಷ ೧ ಬರುತ್ತದೆ. ಈ ಪರೀಕ್ಷೆಗೂ ಮಿತಿಯಿದೆ: ಏಳು ಅಥವಾ ಏಳರ ಗುಣಕದಷ್ಟು ದಿನ ತಪ್ಪಿದರೆ ಅದು ತೋರುವುದಿಲ್ಲ. ಆದುದರಿಂದ ದಿನಸಂಖ್ಯೆಯ ಪರೀಕ್ಷೆಯನ್ನೂ ಜೊತೆಗೆ ಮಾಡುವುದು ಯುಕ್ತ.

ತಿಂಗಳಿನ ಕಂತುಗಳಲ್ಲಿ ತಪ್ಪು ಬೇರೆ ರೀತಿಯಲ್ಲಿ ನುಸುಳುತ್ತದೆ. ಜನವರಿ ೩೧ರಿಂದ ತಿಂಗಳಿಗೊಮ್ಮೆ ಸಲ್ಲಬೇಕಾದ ಕಂತು ಫೆಬ್ರವರಿಯಲ್ಲಿ ೨೮ಕ್ಕೆ ಬೀಳುತ್ತದೆ. ಮುಂದಿನ ಗಡುವನ್ನು ಆ ೨೮ರಿಂದ ಎಣಿಸಿದರೆ ಮಾರ್ಚ್ ೨೮ ಬರುತ್ತದೆ. ಮೂಲ ತಾರೀಖಿನಿಂದ ಎರಡು ತಿಂಗಳು ಎಣಿಸಿದರೆ ಮಾರ್ಚ್ ೩೧. ಒಮ್ಮೆ ೨೮ಕ್ಕೆ ಇಳಿದ ತಾರೀಖು ಸರಣಿಯಾಗಿ ಎಣಿಸುವವನ ಕೈಯಲ್ಲಿ ಮತ್ತೆ ಮೇಲೇರುವುದೇ ಇಲ್ಲ. ವರ್ಷದ ಉಳಿದ ಕಂತುಗಳೆಲ್ಲ ಎರಡು ಮೂರು ದಿನ ಮುಂಚೆಯೇ ಬರುತ್ತವೆ. ಪ್ರತಿಯೊಂದು ಗಡುವನ್ನೂ ಹಿಂದಿನ ಗಡುವಿನಿಂದಲ್ಲದೆ ಮೂಲ ತಾರೀಖಿನಿಂದಲೇ ಎಣಿಸಬೇಕು. ಕಂತುಗಳ ಪಟ್ಟಿಯಲ್ಲಿ ಮಾರ್ಚಿನಿಂದ ಮುಂದಕ್ಕೆ ಎಲ್ಲೆಡೆಯೂ ೨೮ ಕಂಡುಬಂದರೆ ಈ ದೋಷ ನಡೆದಿದೆಯೆಂದು ಬೇರೆ ಲೆಕ್ಕವಿಲ್ಲದೆಯೇ ಹೇಳಬಹುದು.

ಲೀಪ್ ವರ್ಷದ ವಿಷಯದಲ್ಲಿ ಕೊನೆಯ ಮಾತೊಂದಿದೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಒಂದು ದಿನ ಹೆಚ್ಚುವುದು ಜೂಲಿಯನ್ ನಿಯಮ. ಗ್ರೆಗೋರಿಯನ್ ನಿಯಮದಂತೆ ಶತಮಾನದ ವರ್ಷಗಳಲ್ಲಿ ೪೦೦ರಿಂದ ಭಾಗವಾಗುವುವು ಮಾತ್ರ ಲೀಪ್ ವರ್ಷಗಳು. ೧೯೦೦ ಅಲ್ಲ, ೨೦೦೦ ಹೌದು, ೨೧೦೦ ಅಲ್ಲ. ೧೯೦೪ರಿಂದ ಇಂದಿನವರೆಗೆ ಈ ಅಪವಾದ ಯಾರ ಲೆಕ್ಕಕ್ಕೂ ಅಡ್ಡಬಂದಿಲ್ಲವಾದುದರಿಂದ 'ನಾಲ್ಕಕ್ಕೊಂದು' ಎಂಬುದೇ ಪೂರ್ಣ ನಿಯಮವೆಂಬ ಭಾವನೆ ನೆಲೆಗೊಂಡಿದೆ. ಆದರೆ ೨೦೧೦ರಲ್ಲಿ ಬರೆದ ೯೯ ವರ್ಷಗಳ ಗುತ್ತಿಗೆಯು ೨೧೦೯ರವರೆಗೆ ನಡೆಯುತ್ತದೆ. ಅದರ ಅವಧಿಯನ್ನು ವರ್ಷಗಳಲ್ಲಿ ಎಣಿಸುವವನಿಗೆ ೨೧೦೦ರಿಂದ ಯಾವ ಬಾಧೆಯೂ ಇಲ್ಲ. ದಿನಗಳಾಗಿ ಪರಿವರ್ತಿಸಿ ಎಣಿಸುವವನು ಆ ವರ್ಷದಲ್ಲಿ ಇಲ್ಲದ ಒಂದು ಫೆಬ್ರವರಿ ೨೯ಕ್ಕೂ ಬಾಕಿಯನ್ನು ಬರೆದಿರುತ್ತಾನೆ. ತಿಂಗಳು ವರ್ಷಗಳಲ್ಲಿ ಮಾಡಿದ ಕರಾರನ್ನು ತಿಂಗಳು ವರ್ಷಗಳಲ್ಲಿಯೂ, ದಿನಗಳಲ್ಲಿ ಮಾಡಿದುದನ್ನು ದಿನಗಳಲ್ಲಿಯೂ ಎಣಿಸಬೇಕೆಂಬ ತತ್ತ್ವವು, ಕರ್ಮಮಾಸವನ್ನೂ ಚಾಂದ್ರಮಾಸವನ್ನೂ ಬೇರೆಬೇರೆಯಾಗಿ ಹೆಸರಿಸಿದ ಅರ್ಥಶಾಸ್ತ್ರಕಾರನಿಗೆ ಹೊಸದಾಗಿ ತೋರುತ್ತಿರಲಿಲ್ಲ.